ಬಚ್ಚಲುಮನೆಗೆ ಗೀಸರ್ ಹಾಕಿಸುವುದು ಹೇಗೆ?

ಕಳೆದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿಮನೆಗೆ ಹೋಗಿದ್ದೆ. ಹಂಡೆ ಒಲೆಯ ಪಕ್ಕದ ಗೋಡೆಗೆ 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಕೂರಿಸಿ ಎರಡು ವರ್ಷವಾಗಿತ್ತು. ಆ ಮನೆಯ ಅಮ್ಮ ಹೇಳಿದ್ದು ಇಷ್ಟೇ: "ನಲ್ಲಿ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ. ಈಗೀಗ ಫ್ರಿಜ್ಜಿನ ಬಾಗಿಲು ಹಿಡಿದರೂ ಹಾಗೇ ಆಗ್ತದೆ." ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ಬಚ್ಚಲಿಗೂ ಅದಕ್ಕೂ ಎರಡು ಗೋಡೆ ದೂರ. ಅವರು ಫ್ರಿಜ್ಜನ್ನೂ ರಿಪೇರಿಗೆ ಕಳಿಸುವ ಯೋಚನೆಯಲ್ಲಿದ್ದರು. ಫ್ರಿಜ್ಜಿಗೆ ಏನೂ ಆಗಿರಲಿಲ್ಲ.

ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲಸದಲ್ಲಿದ್ದೇನೆ. ಗೀಸರ್ ಕೂರಿಸುವುದರಲ್ಲಿ ಜನ ತಪ್ಪುವುದು ಗೀಸರಿನಲ್ಲಲ್ಲ, ಅದರ ಹಿಂದಿನ ತಂತಿಯಲ್ಲಿ. ಆ ಮನೆಯ ಕಥೆಯನ್ನೇ ಇಟ್ಟುಕೊಂಡು ಕ್ರಮವಾಗಿ ಹೇಳುತ್ತೇನೆ.

1. ಜಾಗ ಗುರುತಿಸಿ

ಶವರ್ ಅಥವಾ ಮೀಯುವ ಜಾಗದ ಅಂಚಿನಿಂದ ಪಕ್ಕಕ್ಕೆ 60 ಸೆಂ.ಮೀ., ನೆಲದಿಂದ ಮೇಲಕ್ಕೆ ಎರಡೂಕಾಲು ಮೀಟರ್ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಆ ಗೆರೆಯೊಳಗೆ ಸಾಕೆಟ್ಟಾಗಲಿ ಸ್ವಿಚ್ಚಾಗಲಿ ಬೇಡ. ಗೀಸರಿನ ಸಾಕೆಟ್ಟು ಎರಡೂಕಾಲು ಮೀಟರಿಗಿಂತ ಮೇಲೆ, ಶವರಿನಿಂದ ಆಚೆ ಬದಿಗೆ ಇರಲಿ. ಗೀಸರಿನ ಸೇಫ್ಟಿ ವಾಲ್ವ್ ಆಗಾಗ ಹನಿ ಹಾಕುತ್ತದೆ, ಆದ್ದರಿಂದ ಅದರ ನೇರ ಕೆಳಗೂ ಬೇಡ. ಗೀಸರಿನ ವೈರು ಸಾಕೆಟ್ಟಿಗಿಂತ ತುಸು ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲೇರಿ ಪ್ಲಗ್ಗಿಗೆ ಬರುವ ಹಾಗೆ ಬಿಡಿ. ವೈರಿನ ಮೇಲೆ ಹರಿದ ನೀರು ಆ ಜೋಲಿನ ತುದಿಯಲ್ಲೇ ಉದುರಿಬಿಡುತ್ತದೆ, ಪ್ಲಗ್ಗಿನೊಳಗೆ ನುಗ್ಗುವುದಿಲ್ಲ.

ಸ್ವಿಚ್ಚು ಬಚ್ಚಲಿನ ಹೊರಗೇ ಇರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕಡೆಯ ಗೋಡೆಗಳೇ ಬೆವರುತ್ತವೆ. ಒಳಗಿರುವ ಸ್ವಿಚ್ಚಿನ ಡಬ್ಬಿ ಬಿಚ್ಚಿದರೆ ತಿರುಪುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ. ಸ್ವಿಚ್ಚು 20 ಆಂಪಿಯರಿನ ಡಿಪಿ, ಅಂದರೆ ಕರೆಂಟು ತರುವ ಫೇಸ್ ಮತ್ತು ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥದ್ದೇ ಆಗಲಿ.

2. ತಂತಿ ಎಳೆಯಿಸಿ

2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಮೊದಲನೆಯದಕ್ಕೆ 2.5 ಚದರ ಮಿ.ಮೀ. ತಾಮ್ರದ ತಂತಿ ಮತ್ತು ಹೊರೆ ಹೆಚ್ಚಾದರೆ ತಾನೇ ಬೀಳುವ 16 ಆಂಪಿಯರ್ ಎಂಸಿಬಿ ಸಾಕು. ನಾನು ಮಾತ್ರ ಎರಡಕ್ಕೂ 4 ಚದರ ಮಿ.ಮೀ. ಎಳೆಸುತ್ತೇನೆ, ಏಕೆಂದರೆ ನಮ್ಮ ಉದ್ದುದ್ದ ಮನೆಗಳಲ್ಲಿ ಮೈನ್ ಬೋರ್ಡು ಜಗಲಿಯಲ್ಲಿ, ಬಚ್ಚಲು ಹಿತ್ತಿಲಲ್ಲಿ. ತಂತಿ ಬೋರ್ಡಿನಿಂದ ಗೀಸರಿಗೆ ಮಾತ್ರ ಹೋಗಬೇಕು, ನಡುವೆ ಗಂಟು ಹಾಕಿ ಟೇಪು ಸುತ್ತಿದ್ದು ಇರಬಾರದು. ಬಚ್ಚಲಿನ ದೀಪದ ಬೋರ್ಡಿನಿಂದಲೇ ಗೀಸರಿಗೆ ಲೈನ್ ಕೊಡುತ್ತೇನೆ ಅನ್ನುವವರನ್ನು ಅಲ್ಲೇ ತಡೆಯಿರಿ.

3. ಅರ್ಥಿಂಗ್ ಎಲ್ಲಿಗೆ ಹೋಗಿದೆ ನೋಡಿ

ಹಳೇ ಮನೆಗಳಲ್ಲಿ ಅರ್ಥಿಂಗಿನ ಹಸಿರು ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟಿರುವುದುಂಟು. ಆಗ ಅದು ನಡೆಯುತ್ತಿತ್ತು. ಈಗ ಗುಡ್ಡದ ಒರತೆಯಿಂದ ನೀರು ಬರುವುದು ಕಪ್ಪು ಪ್ಲಾಸ್ಟಿಕ್ ಪೈಪಿನಲ್ಲಿ. ಹಸಿರು ತಂತಿ ನಲ್ಲಿಯವರೆಗೆ ಹೋಗಿ ಅಲ್ಲೇ ನಿಂತಿರುತ್ತದೆ. ಅಂಥ ತಂತಿ ಇಲ್ಲದ್ದಕ್ಕಿಂತ ಅಪಾಯ, ಗೀಸರಿನ ಕರೆಂಟನ್ನು ನೇರವಾಗಿ ನಲ್ಲಿಗೇ ತಲುಪಿಸುತ್ತದೆ. ಅಂಗಳದಲ್ಲಿ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ಥ್ ಪಿಟ್ ಇರಬೇಕು, ಹಸಿರು ತಂತಿ ಎಲ್ಲೂ ತುಂಡಾಗದೆ ಅದಕ್ಕೆ ಮುಟ್ಟಿರಬೇಕು.

ಪಿಟ್ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ನಮ್ಮದು ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಒದ್ದೆ, ಮಾರ್ಚ್ ಏಪ್ರಿಲ್‌ನಲ್ಲಿ ಒಣ ಕಲ್ಲು. ಒಣಗಿದ ಮಣ್ಣಿನಲ್ಲಿ ಕರೆಂಟು ಇಳಿಯಲು ಒದ್ದಾಡುತ್ತದೆ. ಆ ತೀರ್ಥಹಳ್ಳಿ ಮನೆಯ ಪಿಟ್ಟನ್ನು ಅರ್ಥ್ ಟೆಸ್ಟರಿನಲ್ಲಿ ಅಳೆದರೆ 48 ಓಮ್ ಬಂತು. ಈಗ ಲೆಕ್ಕ ನೋಡಿ. ಫೇಸ್ ತಂತಿ ಗೀಸರಿನ ಮೈಗೆ ಪೂರ್ತಿ ತಾಗಿದರೂ 230 ವೋಲ್ಟನ್ನು 48ರಿಂದ ಭಾಗಿಸಿ, ಹರಿಯುವುದು 5 ಆಂಪಿಯರಿಗೂ ಕಡಿಮೆ. ಎಂಸಿಬಿ 16ರದ್ದು, ಅದಕ್ಕೆ ಇದೊಂದು ಸಾಮಾನ್ಯ ಹೊರೆಯ ಹಾಗೆ ಕಾಣುತ್ತದೆ. ಅದು ಬೀಳುವುದೇ ಇಲ್ಲ. ಹೆಚ್ಚು ಕಡಿಮೆ ಇಡೀ 230 ವೋಲ್ಟು ಹಸಿರು ತಂತಿಯ ಮೇಲೆ ಕೂತು, ಮನೆಯಲ್ಲಿ ಆ ತಂತಿಗೆ ಸೇರಿದ ಎಲ್ಲ ಲೋಹದ ಮೈಗಳಿಗೂ ಹಬ್ಬುತ್ತದೆ. ಫ್ರಿಜ್ಜು ಜುಂ ಅಂದದ್ದು ಹಾಗೆ.

ಅಲ್ಲಿ ತಾಗಿದ್ದು ಪೂರ್ತಿ ಅಲ್ಲ. ಗೀಸರಿನ ಫೇಸ್, ನ್ಯೂಟ್ರಲ್ ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದು ಕ್ಲ್ಯಾಂಪ್ ಮೀಟರ್ ಹಾಕಿದೆ. ಹೋದಷ್ಟೇ ಕರೆಂಟು ವಾಪಸು ಬಂದರೆ ಸೊನ್ನೆ ತೋರಿಸಬೇಕು, 0.6 ಆಂಪಿಯರ್ ತೋರಿಸಿತು. ಅಂದರೆ ಗೀಸರಿನೊಳಗೆ ನೀರು ಕಾಯಿಸುವ ಎಲಿಮೆಂಟಿನ ಕವಚ ಒಡೆದು ಅಷ್ಟು ಕರೆಂಟು ಮಣ್ಣಿಗೆ ಸೋರುತ್ತಿತ್ತು. 0.6ನ್ನು 48ರಿಂದ ಗುಣಿಸಿದರೆ ಸುಮಾರು 29 ವೋಲ್ಟ್. ಒದ್ದೆ ಕೈಗೆ ಜುಂ ಅನ್ನಲು ಅಷ್ಟು ಸಾಕು. ಬಿರುಕು ಇನ್ನೊಂದಿಷ್ಟು ದೊಡ್ಡದಾಗಿದ್ದರೆ ಆ ಅಮ್ಮ ನನಗೆ ಫೋನು ಮಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

4. ಆರ್‌ಸಿಸಿಬಿ ಹಾಕಿಸಿ, ಸರಿಯಾಗಿ

ಜನ ಹೆಚ್ಚು ಎಡವುವುದು ಇಲ್ಲಿ. ಆರ್‌ಸಿಸಿಬಿ ಮಾಡುವುದು ನನ್ನ ಕ್ಲ್ಯಾಂಪ್ ಮೀಟರ್ ಮಾಡಿದ ಕೆಲಸವನ್ನೇ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಬಂತೋ ಇಲ್ಲವೋ ಎಂದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿ ಆಂಪಿಯರಿನದಾದರೆ, ಅಷ್ಟು ವ್ಯತ್ಯಾಸ ಕಂಡ ಕೂಡಲೇ, ಸೆಕೆಂಡಿನ ಸಣ್ಣ ಪಾಲಿನಲ್ಲಿ ಕಡಿಯುತ್ತದೆ. 0.6 ಆಂಪಿಯರ್ ಅಂದರೆ 600 ಮಿಲಿ, ಇಪ್ಪತ್ತು ಪಟ್ಟು. ಪಿಟ್ಟು 48 ಓಮ್ ಇದ್ದರೂ ಅದಕ್ಕೆ ತೊಂದರೆಯಿಲ್ಲ. ಅಂಗಡಿಯಲ್ಲಿ ಇಎಲ್‌ಸಿಬಿ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ಮೈಮೇಲೆ 30 ಎಂದು ಬರೆದದ್ದನ್ನೇ ತನ್ನಿ. 100, 300ರವು ಬೆಂಕಿ ತಡೆಯಲು ಇರುವಂಥವು, ಮನುಷ್ಯರನ್ನು ಉಳಿಸಲಿಕ್ಕಲ್ಲ. "30 ಹಾಕಿದರೆ ಸುಮ್ಮಸುಮ್ಮನೆ ಬೀಳ್ತದೆ" ಎಂದು 100 ಕೊಡಲು ಬಂದರೆ ಬೇಡ ಅನ್ನಿ. ಇನ್ನೊಂದು ವಿಷಯ, ಇದು ಹೆಚ್ಚು ಹೊರೆಗೆ ಬೀಳುವುದಿಲ್ಲ. ಎಂಸಿಬಿ ಬೇರೆ ಬೇಕೇ ಬೇಕು.

ಆಶ್ಚರ್ಯವೆಂದರೆ ಆ ಮನೆಯಲ್ಲಿ ಆರ್‌ಸಿಸಿಬಿ ಇತ್ತು. ಲಿವರ್ ಮೇಲೇ ಇತ್ತು. ಟೆಸ್ಟ್ ಬಟನ್ ಒತ್ತಿದೆ, ಲಿವರ್ ಬಿತ್ತು. ಮನೆಯ ದೀಪ ಮಾತ್ರ ಒಂದೂ ಆರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ, ಒಳಬರುವ ತಂತಿಗಳನ್ನೂ ಹೊರಹೋಗುವ ಕಡೆಗೇ ಜೋಡಿಸಿದ್ದರು. ಕರೆಂಟು ಅದರೊಳಗೆ ಹಾಯುತ್ತಲೇ ಇರಲಿಲ್ಲ. ಕೇಳಿದರೆ, ಹಿಂದಿನ ಮಳೆಗಾಲದಲ್ಲಿ ದಿನಾ ಟ್ರಿಪ್ ಆಗಿ ಇಡೀ ಮನೆ ಕತ್ತಲಾಗುತ್ತಿತ್ತಂತೆ. ಯಾರೋ ಬಂದು "ಸರಿ ಮಾಡಿ" ಹೋಗಿದ್ದರು. ಆದ್ದರಿಂದ ಟೆಸ್ಟ್ ಬಟನ್ ಒತ್ತುವಾಗ ಒಂದು ದೀಪ ಹಚ್ಚಿಟ್ಟುಕೊಳ್ಳಿ. ಲಿವರ್ ಬೀಳಬೇಕು, ದೀಪವೂ ಆರಬೇಕು.

ಇದಕ್ಕಾಗಿಯೇ ನಾನು ಬಚ್ಚಲಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸುತ್ತೇನೆ. ಅಂಗಳದ ದೀಪಕ್ಕೆ ಮಳೆನೀರು ಹೊಕ್ಕರೆ ಬಚ್ಚಲಿನದು ಬೀಳುವುದಿಲ್ಲ, ಯಾರಿಗೂ ಅದನ್ನು ಕಿತ್ತು ಹಾಕುವ ಮನಸ್ಸೂ ಬರುವುದಿಲ್ಲ.

ಅಲ್ಲಿ ಎಲಿಮೆಂಟ್ ಬದಲಿಸಿ, ಗೀಸರಿಗೆ ಮಾತ್ರ ಹೊಸ ಆರ್‌ಸಿಸಿಬಿ ಹಾಕಿದೆ. ಸ್ವಿಚ್ ಹಾಕಿದ ಕ್ಷಣವೇ ಬಿತ್ತು. ಹೊಸ ಎಲಿಮೆಂಟೂ ಕೆಟ್ಟದ್ದೇ ಅಂತ ಅನ್ನಿಸುವುದು ಸಹಜ. ಕಾರಣ ಬೇರೆ: ಬಚ್ಚಲಿನ ಸ್ವಿಚ್ ಡಬ್ಬಿಯೊಳಗೆ ಗೀಸರಿನ ನ್ಯೂಟ್ರಲ್ಲನ್ನು ದೀಪದ ನ್ಯೂಟ್ರಲ್ ಜೊತೆ ಹೆಣೆದಿದ್ದರು. ಫೇಸ್ ಹೊಸ ಆರ್‌ಸಿಸಿಬಿಯಿಂದ ಹೋಗುತ್ತಿತ್ತು, ವಾಪಸಾಗುವ ಕರೆಂಟಿನ ಒಂದು ಪಾಲು ದೀಪದ ದಾರಿ ಹಿಡಿಯುತ್ತಿತ್ತು. ಆರ್‌ಸಿಸಿಬಿಗೆ ಅದು ಸೋರಿಕೆಯೇ. ಗೀಸರಿನ ನ್ಯೂಟ್ರಲ್ ಬಿಡಿಸಿ ನೇರ ಅದರದೇ ಆರ್‌ಸಿಸಿಬಿಗೆ ತಂದ ಮೇಲೆ ನಿಂತಿತು.

ಟ್ರಿಪ್ ಆಗುವ ಹೊತ್ತು ನೋಡಿದರೆ ಕಾರಣ ಸುಮಾರಾಗಿ ತಿಳಿಯುತ್ತದೆ. ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಮೊದಲು ನ್ಯೂಟ್ರಲ್ ಬೆರಕೆಯನ್ನು ಹುಡುಕಿ, ಪೂರ್ತಿ ಕೆಟ್ಟ ಎಲಿಮೆಂಟೂ ಹೀಗೆ ಮಾಡಬಹುದು. ನೀರು ಬಿಸಿಯಾಗುತ್ತಾ ಐದಾರು ನಿಮಿಷಕ್ಕೆ ಬಿದ್ದರೆ ಬಹುತೇಕ ಎಲಿಮೆಂಟೇ, ಬಿಸಿಗೆ ಬಿರುಕು ಅಗಲವಾಗಿರುತ್ತದೆ. ಡಿಪಿ ಸ್ವಿಚ್ ಆರಿಸಿದ್ದರೂ ಬೀಳುತ್ತಿದ್ದರೆ ಗೀಸರಿನದಲ್ಲ, ಅದಕ್ಕೂ ಮೊದಲಿನ ತಂತಿಯದು.

5. ಹಸಿರು ತಂತಿಯನ್ನು ಪರೀಕ್ಷಿಸಿ

ಟೆಸ್ಟ್ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥಿಂಗ್ ಕಡಿದುಹೋಗಿದ್ದರೂ ಬಟನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆಗ ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿಯಿಲ್ಲ. ನೀವು ಮುಟ್ಟಿದ ಮೇಲೇ ಅದು ಬೀಳುವುದು. ವೈರ್‌ಮನ್ ಹತ್ತಿರ ಗೀಸರಿನ ಸಾಕೆಟ್ಟಿನ ಫೇಸ್ ಮತ್ತು ಅರ್ಥ್ ನಡುವೆ 60 ವ್ಯಾಟಿನ ಬಲ್ಬ್ ಹಾಕಿ ನೋಡಲು ಹೇಳಿ. ಆರ್‌ಸಿಸಿಬಿ ತಕ್ಷಣ ಬಿದ್ದರೆ ಹಸಿರು ತಂತಿ ಮಣ್ಣು ಮುಟ್ಟಿದೆ. ಬೀಳದೆ, ಬಲ್ಬೂ ಹತ್ತದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಬಲ್ಬು ಹತ್ತಿಕೊಂಡೇ ಇದ್ದರೆ ಆರ್‌ಸಿಸಿಬಿ ಆ ಲೈನಿನಲ್ಲಿ ಇಲ್ಲ, ಅಥವಾ ಕೆಟ್ಟಿದೆ. ಇದನ್ನು ನೀವೇ ಮಾಡಲು ಹೋಗಬೇಡಿ. ತಂತಿ ತುಂಡಾಗಿದ್ದರೆ ಆ ಹೊತ್ತಿನಲ್ಲಿ ಮನೆಯ ಲೋಹದ ಸಾಮಾನಿಗೆಲ್ಲ ಕರೆಂಟು ಬರುತ್ತದೆ. ಯಾರೂ ಏನೂ ಮುಟ್ಟದಂತೆ ನೋಡಿಕೊಂಡು ಮಾಡುವ ಕೆಲಸ ಅದು.

ಆ ಮನೆಯಲ್ಲಿ ಹಳೇ ಪಿಟ್ಟಿನಿಂದ ಮೂರು ಮೀಟರ್ ದೂರದಲ್ಲಿ ಇನ್ನೊಂದು ಅರ್ಥ್ ರಾಡ್ ಹೂಳಿ ಎರಡನ್ನೂ ಜೋಡಿಸಿದೆವು. 48 ಇದ್ದದ್ದು 26ಕ್ಕೆ ಇಳಿಯಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡೆರಡು ಕೊಡ ನೀರು ಹಾಕಲು ಹೇಳಿ ಬಂದೆ.

6. ತಿಂಗಳಿಗೊಮ್ಮೆ

ಟೆಸ್ಟ್ ಬಟನ್ ಒತ್ತಿ, ದೀಪ ಹಚ್ಚಿಟ್ಟುಕೊಂಡು. ಗುಡುಗು ಸಿಡಿಲಿನ ಮಳೆ ಬಂದ ಮಾರನೇ ದಿನವೂ ಒತ್ತಿ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡನ್ನು ಬಚ್ಚಲಿನಿಂದ ಹೊರಗೆ ಹಾಕಿ, ಗೀಸರ್ ಕೆಟ್ಟ ದಿನ ಹಂಡೆಯ ಒಲೆ ಇದ್ದೇ ಇದೆ. ಎಂದಾದರೂ ನಲ್ಲಿ ಜುಂ ಅಂದರೆ ಸ್ನಾನ ಅಲ್ಲಿಗೇ ನಿಲ್ಲಿಸಿ. ನಲ್ಲಿ ತಿರುಗಿಸಿ ನೀರು ನಿಲ್ಲಿಸಲು ಹೋಗಬೇಡಿ, ಸುರಿಯಲಿ. ಹೊರಬಂದು ಕೈಕಾಲು ಒರೆಸಿ, ಒಣ ನೆಲದಲ್ಲಿ ಚಪ್ಪಲಿ ಮೆಟ್ಟಿ ನಿಂತು, ಜಗಲಿಯ ಬೋರ್ಡಿನಲ್ಲಿ ಮೈನ್ ಇಳಿಸಿ. ವೈರ್‌ಮನ್ ಬರುವವರೆಗೆ ಫ್ರಿಜ್ಜನ್ನೂ ಮುಟ್ಟಬೇಡಿ.