ಬ್ಲೂಪ್ರಿಂಟ್‌ನಲ್ಲಿ ಅನ್ವಯ 10 ಅಂಕ, ಉತ್ತರ ಪತ್ರಿಕೆಯಲ್ಲಿ ಸೊನ್ನೆ

ಹತ್ತನೇ ತರಗತಿಗೆ ಇತಿಹಾಸದ್ದೇ ಒಂದು 40 ಅಂಕದ ಪರೀಕ್ಷೆ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಾಡ್ತೀವಿ. ಐದು ಪಾಠ, ಒಂದೂವರೆ ಗಂಟೆ. ಪತ್ರಿಕೆ ತೆಗೆಯೋದು ನನ್ನ ಪಾಲಿಗೆ ಬಂದಿದೆ. ಮೊದಲ ಸಲ ತೆಗೆದಾಗ ಬ್ಲೂಪ್ರಿಂಟ್, ಅಂದರೆ ಯಾವ ಪಾಠಕ್ಕೆ, ಯಾವ ಹಂತಕ್ಕೆ ಎಷ್ಟು ಅಂಕ ಅನ್ನೋ ಪಟ್ಟಿ, ತುಂಬಾ ಅಚ್ಚುಕಟ್ಟಾಗಿತ್ತು. ಸ್ಮರಣೆ 10, ತಿಳಿವಳಿಕೆ 14, ಅನ್ವಯ 10, ಕೌಶಲ 6. ಅಡ್ಡ ಕೂಡಿದರೂ 40, ಉದ್ದ ಕೂಡಿದರೂ 40. ಮುಖ್ಯ ಶಿಕ್ಷಕರು ನೋಡಿ ಸಹಿ ಹಾಕಿದರು.

ತಪ್ಪಾಗಿದೆ ಅಂತ ಗೊತ್ತಾಗಿದ್ದು ಮೌಲ್ಯಮಾಪನಕ್ಕೆ ಕೂತಾಗ. 'ಸಹಾಯಕ ಸೈನ್ಯ ಪದ್ಧತಿಯ ಪರಿಣಾಮಗಳನ್ನು ವಿಶ್ಲೇಷಿಸಿ' ಅಂತ ಮೂರು ಅಂಕಕ್ಕೆ ಕೇಳಿದ್ದೆ. ಬ್ಲೂಪ್ರಿಂಟ್‌ನಲ್ಲಿ ಅದು ಅನ್ವಯದ ಮನೆಯಲ್ಲಿತ್ತು. ಒಂದು ಪತ್ರಿಕೆ ನೋಡಿದೆ, ಎರಡನೆಯದು ನೋಡಿದೆ, ಮೂರನೆಯದರಲ್ಲೂ ಅದೇ ನಾಲ್ಕು ವಾಕ್ಯ, ಅದೇ ಕ್ರಮದಲ್ಲಿ. ಅವು ನಾನೇ ಬರೆಸಿದ ನೋಟ್ಸ್‌ನ ವಾಕ್ಯಗಳು. ಮಕ್ಕಳು ವಿಶ್ಲೇಷಣೆ ಮಾಡಿರಲಿಲ್ಲ, ನೆನಪು ಮಾಡಿಕೊಂಡು ಬರೆದಿದ್ದರು ಅಷ್ಟೇ. ಅದರಲ್ಲಿ ಅವರ ತಪ್ಪೇನೂ ಇಲ್ಲ, ನಾನು ಕೇಳಿದ್ದೇ ಅದನ್ನು. 'ವಿಶ್ಲೇಷಿಸಿ' ಅನ್ನೋ ಪದ ಹಾಕಿದ ಮಾತ್ರಕ್ಕೆ ಪ್ರಶ್ನೆ ಮೇಲಿನ ಹಂತಕ್ಕೆ ಏರೋದಿಲ್ಲ.

ಅವತ್ತು ಸಂಜೆ ಇಪ್ಪತ್ತೂ ಪ್ರಶ್ನೆಗಳನ್ನು ಮತ್ತೆ ವಿಂಗಡಿಸಿದೆ. ಈ ಸಲ ಪ್ರಶ್ನೆಯಲ್ಲಿರುವ ಕ್ರಿಯಾಪದ ನೋಡಲಿಲ್ಲ. ಮಗು ಉತ್ತರವನ್ನು ಎಲ್ಲಿಂದ ತಂದಿದೆ ಅನ್ನೋದನ್ನು ಮಾತ್ರ ನೋಡಿದೆ. 40ರಲ್ಲಿ 29 ಅಂಕ ಬರೀ ಸ್ಮರಣೆ. ಅನ್ವಯಕ್ಕೆ ಒಂದೂ ಇಲ್ಲ.

ಆಮೇಲಿಂದ ಪ್ರಶ್ನೆ ಬರೆದ ಹಾಳೆಯಲ್ಲಿ ಒಂದು ಕಾಲಂ ಜಾಸ್ತಿ ಹಾಕಿಕೊಂಡೆ. ಅದರ ತಲೆಬರಹ 'ಉತ್ತರ ಎಲ್ಲಿದೆ?'. ಉತ್ತರ ಪಠ್ಯದ ಅಥವಾ ನೋಟ್ಸ್‌ನ ಒಂದೇ ಜಾಗದಲ್ಲಿ ಇದ್ದು ಹಾಗೇ ಎತ್ತಿ ಬರೆಯಬಹುದಾದರೆ ಅದು ಸ್ಮರಣೆ. ಎರಡು ಜಾಗದಿಂದ ತಂದು ಜೋಡಿಸಬೇಕು, ಇಲ್ಲಾ ಸ್ವಂತ ಮಾತಲ್ಲಿ ವ್ಯತ್ಯಾಸ ಹೇಳಬೇಕು ಅಂದರೆ ತಿಳಿವಳಿಕೆ. ಪಾಠದಲ್ಲಿ ಇಲ್ಲದ ಒಂದು ಸಂದರ್ಭವನ್ನು ಪ್ರಶ್ನೆಯೇ ಕೊಟ್ಟು, ಪಾಠದಲ್ಲಿ ಕಲಿತದ್ದನ್ನು ಅದಕ್ಕೆ ಹಚ್ಚಿ ನೋಡಬೇಕು ಅಂದರೆ ಅನ್ವಯ. ನಕ್ಷೆ ಗುರುತಿಸೋದು, ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸೋದು ಕೌಶಲ. ಈ ಕಾಲಂ ತುಂಬುವಾಗ ಪುಟದ ಸಂಖ್ಯೆಯನ್ನೇ ಬರೀತೀನಿ, ಅಂದಾಜಿಗೆ ಬಿಡೋದಿಲ್ಲ. 'ಹಲಗಲಿಯ ಬೇಡರು ಬ್ರಿಟಿಷರ ವಿರುದ್ಧ ಏಕೆ ಬಂಡೆದ್ದರು?' ಅನ್ನೋದು ಕಾರಣ ಕೇಳುವ ಪ್ರಶ್ನೆ, ಸುಮ್ನೆ ನೋಡಿದರೆ ತಿಳಿವಳಿಕೆ ಅನ್ಸುತ್ತೆ. ಆದರೆ ಕಾರಣ ಪಠ್ಯದಲ್ಲೇ ಇದೆ, ಅನುಮತಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದು ಅಂತ ಕಂಪನಿ ಮಾಡಿದ ನಿಷೇಧ. ಹಾಗಾಗಿ ಅದು ಸ್ಮರಣೆಯೇ.

ಮುಂದಿನ ವರ್ಷದ ಪತ್ರಿಕೆಗೆ ಅಂಕಗಳ ಹಂಚಿಕೆ ಬದಲಿಸಲಿಲ್ಲ, ಅದೇ 10, 14, 10, 6. ಪಾಠಗಳಿಗೆ ಅವಧಿ ನೋಡಿ ಹಂಚಿದೆ. ಯುರೋಪಿಯನ್ನರ ಆಗಮನಕ್ಕೆ 6, ಬ್ರಿಟಿಷ್ ಆಳ್ವಿಕೆಯ ವಿಸ್ತರಣೆಗೆ 8, ಆಳ್ವಿಕೆಯ ಪರಿಣಾಮಗಳಿಗೆ 10, ಕರ್ನಾಟಕದ ಪ್ರತಿರೋಧಗಳಿಗೆ 8, 1857ಕ್ಕೆ 8. ಪ್ರಶ್ನೆಗಳು ಒಂದು ಅಂಕದ್ದು ಎಂಟು, ಎರಡರದ್ದು ಆರು, ಮೂರರದ್ದು ನಾಲ್ಕು, ನಾಲ್ಕರದ್ದು ಎರಡು.

ಬ್ಲೂಪ್ರಿಂಟ್ ತುಂಬುವಾಗ ನಾನು ಮೇಲಿಂದ ಕೆಳಗೆ ಹೋಗೋದಿಲ್ಲ. ದೊಡ್ಡ ಅಂಕದ ಪ್ರಶ್ನೆಗಳನ್ನು ಮೊದಲು ಕೂರಿಸ್ತೀನಿ. ನಾಲ್ಕು ಅಂಕದ ಎರಡರಲ್ಲಿ ಒಂದು ನಕ್ಷೆಗೆ ಹೋಯಿತು: ಕಲ್ಲಿಕೋಟೆ, ಗೋವಾ, ಪಾಂಡಿಚೇರಿ, ಮದ್ರಾಸು ಗುರುತಿಸಬೇಕು. ಅಲ್ಲಿಗೆ ಕೌಶಲದ ಆರರಲ್ಲಿ ನಾಲ್ಕು ಮುಗಿಯಿತು. ಇನ್ನೊಂದು 1857ಕ್ಕೆ, ಅನ್ವಯ. ಮೂರು ಅಂಕದ ನಾಲ್ಕರಲ್ಲಿ ಒಂದು ಅನ್ವಯ, ಮೂರು ತಿಳಿವಳಿಕೆ. ಇಷ್ಟು ಕೂತ ಮೇಲೆ ಉಳಿದ ಒಂದು, ಎರಡು ಅಂಕದವು ಚಿಲ್ಲರೆ ಇದ್ದ ಹಾಗೆ, ಎಲ್ಲಿ ಕಡಿಮೆ ಬಿದ್ದಿದೆಯೋ ಅಲ್ಲಿಗೆ ಹಾಕಬಹುದು. ಮೊದಲೇ ಒಂದು ಅಂಕದವನ್ನು ತುಂಬಿಬಿಟ್ಟರೆ ಕೊನೆಗೆ ದೊಡ್ಡ ಪ್ರಶ್ನೆ ಕೂರೋಕೆ ಜಾಗ ಸಿಗೋದಿಲ್ಲ, ಆಗ ಹೇಗೋ ಹೊಂದಿಸೋಣ ಅಂತ ಹಂತದ ಹೆಸರನ್ನೇ ತಿದ್ದಿಬಿಡ್ತೀವಿ. ಮೊದಲ ವರ್ಷ ನಾನು ಮಾಡಿದ್ದು ಅದೇ.

ಈಗ ಆ ಮೂರು ಅಂಕದ ಅನ್ವಯದ ಪ್ರಶ್ನೆಗೆ ಬರ್ತೀನಿ. ಹೆಚ್ಚು ಹೊತ್ತು ಹಿಡಿದಿದ್ದು ಅದೊಂದೇ. ಜಾಗ ಕರ್ನಾಟಕದ ಪ್ರತಿರೋಧಗಳ ಪಾಠ, ವಿಷಯ ಕಿತ್ತೂರು. 'ಕಿತ್ತೂರು ಚೆನ್ನಮ್ಮನ ಹೋರಾಟವನ್ನು ವಿವರಿಸಿ' ಅಂದರೆ ಮಲ್ಲಸರ್ಜನಿಂದ ಶುರುವಾಗಿ ಥ್ಯಾಕರೆ ಸತ್ತ, ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು ಅನ್ನೋವರೆಗೆ ಬಾಯಿಪಾಠ ಬರುತ್ತೆ. ಅದು ಬೇಡ ಅಂತ ಯೋಚಿಸ್ತಾ ಹಳೇ ಉತ್ತರ ಪತ್ರಿಕೆ ತಿರುವಿದಾಗ ಒಂದು ವಾಕ್ಯ ಸಿಕ್ಕಿತು. 'ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಿಂದ ಕಿತ್ತೂರು ಹೋಯಿತು.' ಹೀಗೆ ಬರೆದವರು ಒಬ್ಬಿಬ್ಬರಲ್ಲ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಕಿತ್ತೂರಿನ ಯುದ್ಧ 1824ರದ್ದು. ನಡುವೆ 24 ವರ್ಷ ಇದೆ. ಮಕ್ಕಳು ಎರಡು ಪಾಠದಲ್ಲೂ 'ದತ್ತು' ಅನ್ನೋ ಪದ ಕಂಡು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರು. ಪ್ರಶ್ನೆ ಇಲ್ಲೇ ಇದೆ ಅನ್ನಿಸಿತು.

ಮೊದಲು ಬರೆದ ರೂಪ ಹೀಗಿತ್ತು: 'ಕಿತ್ತೂರು ಡಾಲ್‌ಹೌಸಿಯ ನೀತಿಗೆ ಬಲಿಯಾಯಿತು ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ. ಇದು ಸರಿಯೇ? ಕಾರಣ ಕೊಡಿ.' ಎರಡು ದಿನ ಬಿಟ್ಟು ಓದಿದಾಗ ತೊಂದರೆ ಕಾಣಿಸಿತು. 1848 ಅನ್ನೋ ಇಸವಿ ನೆನಪಿಲ್ಲದ ಮಗುವಿಗೆ ಇಲ್ಲಿ ಏನೂ ಮಾಡೋಕೆ ಆಗೋದಿಲ್ಲ. ಯೋಚನೆ ಬರುತ್ತಾ ಅಂತ ನೋಡೋಕೆ ಹೋಗಿ ಮತ್ತೆ ಇಸವಿ ಗೊತ್ತಾ ಅಂತಲೇ ಕೇಳಿದ ಹಾಗಾಯಿತು. ಅದಕ್ಕೆ ಇಸವಿಗಳನ್ನು ನಾನೇ ಕೊಟ್ಟುಬಿಟ್ಟೆ. ಪ್ರಶ್ನೆಯ ಮೇಲೆ ಒಂದು ಪುಟ್ಟ ಚೌಕದಲ್ಲಿ ಮೂರು ಸಾಲು:

1824: ಕಿತ್ತೂರಿನ ಮೇಲೆ ಕಂಪನಿಯ ದಾಳಿ
1848: ಡಾಲ್‌ಹೌಸಿ ಗವರ್ನರ್ ಜನರಲ್ ಆದ, ಸತಾರಾ ಕಂಪನಿಯ ವಶ
1854: ಝಾನ್ಸಿ ಕಂಪನಿಯ ವಶ

ಕೆಳಗೆ ವಿದ್ಯಾರ್ಥಿಯ ಆ ವಾಕ್ಯ, ಆಮೇಲೆ 'ಈ ಮಾತಿನಲ್ಲಿ ಸರಿ ಇರುವುದು ಯಾವುದು? ತಪ್ಪು ಇರುವುದು ಯಾವುದು? ಕಾರಣ ಕೊಡಿ.' 'ಇದು ಸರಿಯೇ' ಅಂತ ಕೇಳಿದರೆ ಅರ್ಧ ತರಗತಿ ಊಹಿಸಿ 'ಇಲ್ಲ' ಅಂತ ಬರೆದು ಮುಗಿಸುತ್ತೆ, ಅದಕ್ಕೇ ಎರಡು ಭಾಗ ಮಾಡಿದ್ದು. ಕಿತ್ತೂರಿನ ಸಾಲಿನಲ್ಲಿ ದತ್ತುಪುತ್ರನ ವಿಷಯವನ್ನು ಬೇಕಂತಲೇ ಬಿಟ್ಟೆ, ಶಿವಲಿಂಗಪ್ಪನ ದತ್ತು ಸ್ವೀಕಾರವನ್ನು ಕಂಪನಿ ಒಪ್ಪಲಿಲ್ಲ ಅನ್ನೋದನ್ನು ಮಗು ಪಾಠದಿಂದ ತರಲಿ ಅಂತ.

ಅಂಕ ಹಂಚಿಕೆಯನ್ನು ಪ್ರಶ್ನೆ ಬರೆದ ದಿನವೇ ಬರೆದೆ. ಇಸವಿ ಹೋಲಿಸಿ ಡಾಲ್‌ಹೌಸಿ ಆಗಿನ್ನೂ ಬಂದಿರಲಿಲ್ಲ ಅಂದರೆ ಒಂದು. ಕಿತ್ತೂರಿನಲ್ಲೂ ದತ್ತಿನ ಹಕ್ಕನ್ನೇ ನಿರಾಕರಿಸಿದ್ದು ಅಂತ ಗುರುತಿಸಿದರೆ ಒಂದು. ಎರಡನ್ನೂ ಸೇರಿಸಿ, ದತ್ತು ಒಪ್ಪದೆ ರಾಜ್ಯ ಹಿಡಿಯೋದು ಡಾಲ್‌ಹೌಸಿಗಿಂತ ಮೊದಲೇ ಇತ್ತು ಅನ್ನೋ ಅರ್ಥ ಬಂದರೆ ಇನ್ನೊಂದು. ಮಾತು ಹೇಗೇ ಇರಲಿ, ಅರ್ಥ ಬಂದರೆ ಸಾಕು. ಅನ್ವಯದ ಪ್ರಶ್ನೆಗೆ ಹೀಗೆ ಮೊದಲೇ ಬರೆದಿಡದಿದ್ದರೆ, ಮೂವತ್ತನೇ ಪತ್ರಿಕೆ ಹೊತ್ತಿಗೆ ಉದ್ದ ಬರೆದವರಿಗೆ ಅಂಕ ಜಾಸ್ತಿ ಹೋಗ್ತಿರುತ್ತೆ.

ಚೌಕದಿಂದ ಒಂದು ಎಡವಟ್ಟೂ ಆಯಿತು. ಒಂದು ಅಂಕದ ಪ್ರಶ್ನೆಯಲ್ಲಿ 'ಡಾಲ್‌ಹೌಸಿ ಯಾವ ವರ್ಷ ಗವರ್ನರ್ ಜನರಲ್ ಆದ?' ಅಂತ ಇತ್ತು. ಉತ್ತರ ಎರಡನೇ ಪುಟದ ಚೌಕದಲ್ಲೇ ಇದೆ! ಅಚ್ಚಿಗೆ ಹೋಗೋ ಮೊದಲು ಕಂಡಿದ್ದು ಪುಣ್ಯ. ಅದನ್ನು ತೆಗೆದು ಸಹಾಯಕ ಸೈನ್ಯ ಪದ್ಧತಿ ಜಾರಿಗೆ ತಂದವರು ಯಾರು ಅಂತ ಹಾಕಿದೆ. ಪಾಠ ಅದೇ, ಹಂತ ಅದೇ, ಅಂಕ ಅದೇ, ಬ್ಲೂಪ್ರಿಂಟ್ ಅಲುಗಾಡಲಿಲ್ಲ. ಈಗ ಕೊನೆಗೆ ಒಂದು ಸಲ ಬರೀ ಇದಕ್ಕೋಸ್ಕರ ಪತ್ರಿಕೆ ಓದ್ತೀನಿ, ಒಂದರ ಉತ್ತರ ಇನ್ನೊಂದರಲ್ಲಿ ಇದೆಯಾ ಅಂತ.

1857ರ ನಾಲ್ಕು ಅಂಕದ್ದಕ್ಕೆ ಮೊದಲು 'ಅಥವಾ' ಕೊಟ್ಟಿದ್ದೆ. ಒಂದು ಕಡೆ ಮೀರತ್‌ನ ಸಿಪಾಯಿ, ಜಮೀನು ಕಳಕೊಂಡ ಅವಧದ ತಾಲ್ಲೂಕ್ದಾರ, ಕೆಲಸ ಇಲ್ಲದ ನೇಕಾರ, ದತ್ತುಮಗನ ಹಕ್ಕು ಹೋದ ರಾಣಿ, ಈ ನಾಲ್ವರ ದೂರುಗಳನ್ನು ಒಂದೊಂದು ಸಾಲಲ್ಲಿ ಕೊಟ್ಟು ಯಾವುದು ಯಾವ ಬಗೆಯ ಕಾರಣ, ಏಕೆ ಅಂತ ಕೇಳಿದ್ದೆ. ಇನ್ನೊಂದು ಕಡೆ 'ದಂಗೆಯ ವಿಫಲತೆಗೆ ಕಾರಣಗಳನ್ನು ಪಟ್ಟಿ ಮಾಡಿ'. ಯಾವುದನ್ನು ಆರಿಸ್ತಾರೆ ಹೇಳಿ? ಎಲ್ಲರೂ ಪಟ್ಟಿ ಬರೀತಾರೆ, ಅನ್ವಯದ ನಾಲ್ಕು ಅಂಕ ಅಲ್ಲೇ ಸ್ಮರಣೆಯಾಗಿ ಹೋಗುತ್ತೆ. ಆಯ್ಕೆ ಕೊಟ್ಟರೆ ಎರಡೂ ಕಡೆ ಪಾಠ, ಹಂತ, ಕಷ್ಟ ಒಂದೇ ಇರಬೇಕು. ಸರಿಸಮನಾದ ಇನ್ನೊಂದು ನನಗೆ ಹೊಳೆಯಲಿಲ್ಲ, ಆಯ್ಕೆಯನ್ನೇ ತೆಗೆದೆ.

ಪತ್ರಿಕೆ ಸಿದ್ಧವಾದ ಮೇಲೆ ಗಡಿಯಾರ ಇಟ್ಟುಕೊಂಡು ಪೂರ್ತಿ ಉತ್ತರ ಬರೆದು ನೋಡಿದೆ. 40 ನಿಮಿಷ ಹಿಡಿಯಿತು. ನಮ್ಮ ಮಕ್ಕಳಿಗೆ ಅದರ ಎರಡರಷ್ಟು ಬೇಕು ಅನ್ನೋದು ನನ್ನ ಲೆಕ್ಕ, ಅಂದರೆ 80 ನಿಮಿಷ, ಓದೋಕೆ ಹತ್ತು. ಸರಿಹೋಯಿತು.

ನನ್ನ ಸೆಕ್ಷನ್‌ನಲ್ಲಿ 42 ಮಕ್ಕಳು. ಕಿತ್ತೂರಿನ ಪ್ರಶ್ನೆಗೆ ಮೂರಕ್ಕೆ ಮೂರು ಬಂದಿದ್ದು 9 ಜನಕ್ಕೆ, ಎರಡು ಬಂದಿದ್ದು 14 ಜನಕ್ಕೆ. ಉತ್ತರಗಳು ಒಂದರ ಹಾಗೆ ಇನ್ನೊಂದಿರಲಿಲ್ಲ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ, ಒಂದು ಅಂಕದ ಎಂಟರಲ್ಲಿ ಮೂರು ಮಾತ್ರ ಸರಿ ಮಾಡಿದ್ದ ಹುಡುಗಿ ಬರೆದಿದ್ದಳು: 'ಡಾಲ್‌ಹೌಸಿ ಬರೋಕೆ ಮುಂಚೆನೇ ಕಂಪನಿ ಇದನ್ನ ಮಾಡ್ತಿತ್ತು. ಅವನು ಬಂದು ಅದನ್ನೇ ಎಲ್ಲಾ ಕಡೆ ಮಾಡಿದ.' ಮೂರು ಅಂಕ ಹಾಕಿದೆ. ಹಳೇ ಪತ್ರಿಕೆಯಾಗಿದ್ದರೆ ಆ ಮಗುವಿಗೆ ಇದು ಬರುತ್ತೆ ಅಂತ ನನಗೆ ತಿಳೀತಾನೇ ಇರಲಿಲ್ಲ.

ಪಕ್ಕದ ಸೆಕ್ಷನ್‌ನಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಮೂರು. ಖುಷಿಯಿಂದ ನೋಡಿದರೆ ಎಲ್ಲರದ್ದೂ ಒಂದೇ ವಾಕ್ಯ. ಆ ಮೇಡಂ ಅವರನ್ನು ಕೇಳಿದೆ.

"ಹೌದು ಸರ್, ಈ ತಪ್ಪು ಮಕ್ಕಳು ಪ್ರತಿ ವರ್ಷ ಮಾಡ್ತಾರಲ್ಲ, ಅದಕ್ಕೆ ಪಾಠ ಮಾಡುವಾಗಲೇ ಎರಡಕ್ಕೂ ಇರೋ ವ್ಯತ್ಯಾಸ ಬರೆಸಿದ್ದೆ" ಅಂದರು.

ಅವರು ಮಾಡಿದ್ದು ಒಳ್ಳೇ ಪಾಠವೇ. ಆದರೆ ನನ್ನ ತರಗತಿಯಲ್ಲಿ ಅನ್ವಯವಾಗಿದ್ದ ಪ್ರಶ್ನೆ ಅವರ ತರಗತಿಯಲ್ಲಿ ಸ್ಮರಣೆಯಾಗಿತ್ತು. ಈ ವರ್ಷ 'ಉತ್ತರ ಎಲ್ಲಿದೆ?' ಕಾಲಂ ತುಂಬುವ ಮೊದಲು ಎರಡೂ ಸೆಕ್ಷನ್‌ನಿಂದ ಒಂದೊಂದು ಮಗುವಿನ ನೋಟ್ಸ್ ಪುಸ್ತಕ ತರಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ವರ ದೂರಿನ ಪ್ರಶ್ನೆ ಈಗ ಆ ಎರಡು ಪುಸ್ತಕದಲ್ಲೂ ಇದೆ, ಹಾಗಾಗಿ ಅದನ್ನು ಬಿಟ್ಟು ಹೊಸದು ಹುಡುಕ್ತಿದ್ದೇನೆ.