ಪ್ರಶ್ನೆಯನ್ನು ಮುರಿದು ಕಟ್ಟಿದ್ದು

ವಿರಾಜಪೇಟೆ ಹತ್ತಿರದ ಒಂದು ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ಗುರುವಾರ ಸೆಮಿನಾರ್. ಒಂದಷ್ಟು ಪುಟ ಓದಿಕೊಂಡು ಬಂದು ಒಂದು ಪ್ರಶ್ನೆಯ ಮೇಲೆ ಎಲ್ಲರೂ ಮಾತಾಡಬೇಕು. ಎರಡನೇ ವರ್ಷದ ಒಬ್ಬ ಹುಡುಗ ಪಾಠದ ಹೊತ್ತಿನಲ್ಲಿ ಚುರುಕಾಗಿ ಪ್ರಶ್ನೆ ಕೇಳುತ್ತಿದ್ದ. ಆದರೆ ಸೆಮಿನಾರ್ ದಿನ ಹಿಂದಿನ ಬೆಂಚು ಹಿಡಿದು ಸುಮ್ಮನಿರುತ್ತಿದ್ದ. ಓದಿಲ್ಲ ಅಂತಲೇ ನಾನು ತಿಳಿದಿದ್ದೆ. ಒಮ್ಮೆ ಎಲ್ಲರೆದುರು ಅವನಿಂದ ಗಟ್ಟಿಯಾಗಿ ಓದಿಸಿದೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಸಾಲು ತಪ್ಪಿ ಮತ್ತೆ ಮೇಲಿಂದ ಹಿಡಿದ. ಮುಂದಿನ ವಾರ ಅವನು ಬರಲಿಲ್ಲ. ಅಂದಿನಿಂದ ಯಾರನ್ನೂ ಮೊದಲೇ ಹೇಳದೆ ಓದಲು ಎಬ್ಬಿಸಿಲ್ಲ.

ಅವನು ಮರಳಿ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡೆ. ಸುಮಾರು ಇನ್ನೂರು ಪದಗಳ ಒಂದು ಪುಟವನ್ನು ಮನಸ್ಸಿನಲ್ಲೇ ಓದಲು ಕೊಟ್ಟೆ. ಐದು ನಿಮಿಷ ಹಿಡಿಯಿತು. ಅವನ ಗೆಳೆಯನಿಗೆ ಅದೇ ಪುಟ ಎರಡು ನಿಮಿಷದೊಳಗೆ ಮುಗಿದಿತ್ತು. ಆಮೇಲೆ ಅಷ್ಟೇ ಉದ್ದದ, ಅಷ್ಟೇ ಕಷ್ಟದ ಇನ್ನೊಂದು ಪುಟವನ್ನು ನಾನೇ ಓದಿ ಹೇಳಿ ಪ್ರಶ್ನೆ ಕೇಳಿದೆ. ಒಂದನ್ನೂ ಬಿಡದೆ ಉತ್ತರಿಸಿದ. ಈ ಎರಡನೇ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ. ಇಲ್ಲಿ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಹೀಗೆ ಹಲವು. ಪುಸ್ತಕದ ಕನ್ನಡವೇ ಹೊಸತಾದ ಮಗು ಕೇಳಿದರೂ ತಡವರಿಸುತ್ತದೆ. ಕೇಳಿದರೆ ಅರ್ಥವಾಗುತ್ತದೆ, ಓದಿದರೆ ಆಗುವುದಿಲ್ಲ ಎಂದಾದರೆ ತೊಡಕು ಅಕ್ಷರವನ್ನು ಉಲಿಯಾಗಿಸುವ ಹಂತದಲ್ಲೇ ಇದೆ. ಇದು ಡಿಸ್ಲೆಕ್ಸಿಯಾ ಎಂದು ಹೇಳಬೇಕಾದವರು ತಜ್ಞರು. ಆದರೆ ಪ್ರಶ್ನೆ ಬದಲಿಸಲು ನನಗೆ ಇಷ್ಟು ಸಾಕಿತ್ತು. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಈ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವಷ್ಟು ತಪ್ಪು ಕನ್ನಡದಲ್ಲಿ ಮಾಡದಿರಬಹುದು. ನಿಧಾನ ಮಾತ್ರ ಉಳಿದುಬಿಡುತ್ತದೆ. ಹಾಗಾಗಿಯೇ ಡಿಗ್ರಿ ತನಕ ಯಾರ ಕಣ್ಣಿಗೂ ಬೀಳದೆ ಬಂದಿರುತ್ತಾರೆ.

ಆ ವಾರದ ವಿಷಯ 1834ರಲ್ಲಿ ಕೊಡಗು ಕಂಪನಿ ಸರಕಾರದ ಕೈಸೇರಿದ್ದು. ನಾನು ಬರೆದಿದ್ದ ಪ್ರಶ್ನೆ ಹೀಗಿತ್ತು:

"1834ರ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಉಲ್ಲೇಖಿಸಲ್ಪಟ್ಟಿರುವ, ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆಯ ಮೇರೆಗೇ ರಾಜ್ಯವನ್ನು ವಶಪಡಿಸಿಕೊಳ್ಳಲಾಯಿತೆಂಬ ಪ್ರತಿಪಾದನೆಯು 1837ರ ದಂಗೆಯ ಹಿನ್ನೆಲೆಯಲ್ಲಿ ಸಮರ್ಥನೀಯವಲ್ಲವೆನ್ನಲಾಗದೆಂಬ ವಾದವನ್ನು ವಿಮರ್ಶಿಸಿ."

ಅವನ ಜೊತೆ ಕೂತು ಓದಿದಾಗಲೇ ಇದರ ದೋಷ ನನಗೆ ಕಂಡದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನು ಮಾಡಬೇಕು ಎನ್ನುವುದು 'ವಿಮರ್ಶಿಸಿ'ಯಲ್ಲಿದೆ. ಅಲ್ಲಿಗೆ ತಲುಪುವವರೆಗೆ ಹೊರಡಿಸಿದ, ಉಲ್ಲೇಖಿಸಲ್ಪಟ್ಟಿರುವ ಎಂದು ಹೊತ್ತು ತಂದದ್ದನ್ನೆಲ್ಲ ತಲೆಯಲ್ಲಿ ಹಿಡಿದಿರಬೇಕು. ಬೇಗ ಓದುವವನು ಹಿಡಿದಿರುತ್ತಾನೆ. ಒಂದೊಂದು ಪದಕ್ಕೂ ಶ್ರಮ ಪಡುವವನಿಗೆ ಕೊನೆ ಮುಟ್ಟುವಷ್ಟರಲ್ಲಿ ಆರಂಭ ಕೈಜಾರಿರುತ್ತದೆ. ಅದರ ಮೇಲೆ 'ಸಮರ್ಥನೀಯವಲ್ಲವೆನ್ನಲಾಗದೆಂಬ' ಎನ್ನುವ ಒಂದೇ ಪದದೊಳಗೆ ಎರಡು ನಿಷೇಧ.

ಮೊದಲ ಸಲ ತಿದ್ದಿದಾಗ ತಪ್ಪು ಮಾಡಿದೆ. ಅವನಿಗೆಂದೇ ಬೇರೆ ಚೀಟಿಯಲ್ಲಿ "ಕೊಡಗು ಯಾವಾಗ ಬ್ರಿಟಿಷರ ವಶವಾಯಿತು? ಆಗ ರಾಜ ಯಾರು?" ಎಂದು ಬರೆದುಕೊಟ್ಟೆ. "1834, ಚಿಕ್ಕವೀರರಾಜೇಂದ್ರ" ಅಂದು ಕೂತುಬಿಟ್ಟ. ಸೆಮಿನಾರ್ ಮುಗಿದ ಮೇಲೆ ಬಂದು, "ಮೇಡಂ, ಇದು ಹೈಸ್ಕೂಲಿನಲ್ಲೇ ಗೊತ್ತಿತ್ತು" ಅಂದ. ಓದಿನ ಭಾರ ಇಳಿಸಲು ಹೋಗಿ ಯೋಚನೆಯನ್ನೂ ಕಿತ್ತುಹಾಕಿದ್ದೆ. ಬೇರೆ ಚೀಟಿ ಕೊಟ್ಟು ಅವನನ್ನು ಎಲ್ಲರ ನಡುವೆ ಬೇರೆಯಾಗಿಯೂ ನಿಲ್ಲಿಸಿದ್ದೆ.

ಎರಡನೇ ಸಲ ಬರೆದದ್ದನ್ನು ಇಡೀ ತರಗತಿಗೆ ಕೊಟ್ಟೆ:

"ಫ್ರೇಸರನ ಮಾತನ್ನು ನಂಬಬಹುದೇ?
ಕೊಡಗಿನ ಜನ ಸರ್ವಾನುಮತದಿಂದ ಕಂಪನಿಯ ಆಳ್ವಿಕೆ ಬಯಸಿದರು ಎಂದು ಅವನು 1834ರಲ್ಲಿ ಸಾರಿದ. 1837ರಲ್ಲಿ ದಂಗೆ ಎದ್ದಿತು.
ನಂಬಲು ಒಂದು ಆಧಾರ ಕೊಡಿ: ಪುಟ 2, ಪ್ಯಾರಾ 3.
ನಂಬದಿರಲು ಒಂದು ಆಧಾರ ಕೊಡಿ: ಪುಟ 5, ಪ್ಯಾರಾ 1 ಮತ್ತು 2.
ನಿಮ್ಮ ತೀರ್ಮಾನ ಹೇಳಿ."

ಕೇಳುವ ಮಾತು ಮೊದಲಿಗೆ ಬಂತು, ಒಂದು ಸಾಲಿಗೆ ಒಂದೇ ಕೆಲಸ ಉಳಿಯಿತು, ನಿಷೇಧ ಒಂದಕ್ಕಿಂತ ಹೆಚ್ಚಿಲ್ಲ. ಆದರೆ 'ಸರ್ವಾನುಮತ' ಎಂಬ ಪದವನ್ನು ಬೇಕೆಂದೇ ಉಳಿಸಿಕೊಂಡೆ. ಓದಲು ಕಷ್ಟವಾದರೂ ವಾದ ನಿಂತಿರುವುದೇ ಅದರ ಮೇಲೆ. ಹಿಂದಿನ ದಿನ ಬೋರ್ಡಿನ ಮೇಲೆ ಬರೆದು, ಸರ್ವ, ಅನುಮತ ಎಂದು ಬಿಡಿಸಿ ಹೇಳಿದ್ದೆ. ತೂಕವಿರುವ ಪದವನ್ನು ಸರಳಗೊಳಿಸದೆ ಕಲಿಸಬೇಕು. 'ಉಲ್ಲೇಖಿಸಲ್ಪಟ್ಟಿರುವ' ಥರದ್ದು ಹೋದರೆ ಯಾರಿಗೂ ನಷ್ಟವಿಲ್ಲ.

ಪ್ಯಾರಾ ತೋರಿಸಿಕೊಟ್ಟರೆ ಮಕ್ಕಳು ಹುಡುಕುವುದನ್ನೇ ಮರೆಯುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಆ ವಾರ ಓದಬೇಕಿದ್ದ ಹನ್ನೆರಡು ಪುಟವನ್ನು ಅವನ ವೇಗದಲ್ಲಿ ಓದಲು ಒಂದು ಗಂಟೆ ಹಿಡಿಯುತ್ತದೆ, ಹುಡುಕಾಟಕ್ಕೆ ಮತ್ತೆ ಅಷ್ಟೇ. ಹಾಗಾಗಿ ಈಗ ಎರಡು ಆಧಾರಗಳಲ್ಲಿ ಒಂದನ್ನು ತೋರಿಸುತ್ತೇನೆ, ಇನ್ನೊಂದಕ್ಕೆ ಪುಟ ಮಾತ್ರ ಹೇಳಿ ಪ್ಯಾರಾ ಅವರೇ ಹುಡುಕಲಿ ಎಂದು ಬಿಡುತ್ತೇನೆ.

ಹಾಳೆ ಸೋಮವಾರವೇ ಕೈಸೇರುತ್ತದೆ. ಅಕ್ಷರ 14ರ ಗಾತ್ರ. ಕನ್ನಡಕ್ಕೆ ಗಾತ್ರಕ್ಕಿಂತಲೂ ಸಾಲುಗಳ ನಡುವಿನ ಜಾಗ ಮುಖ್ಯ ಎನ್ನುವುದು ನನಗೆ ಆಮೇಲೆ ತಿಳಿಯಿತು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲು ಇಕ್ಕಟ್ಟಾದರೆ ಇವೆರಡೂ ಒಂದಕ್ಕೊಂದು ತಾಗಿ ಕಣ್ಣು ಸಾಲು ತಪ್ಪುತ್ತದೆ. ಒಂದೂವರೆ ಸಾಲಿನ ಅಂತರ ಕೊಟ್ಟ ಮೇಲೆ ಅವನು ಬೆರಳಿಟ್ಟು ಓದುವುದು ಕಡಿಮೆಯಾಯಿತು. ಬಣ್ಣದ ಹಾಳೆಯನ್ನೂ ಹಾಕಿ ನೋಡಿದೆ, ಅದರಿಂದ ವ್ಯತ್ಯಾಸ ಕಾಣಲಿಲ್ಲ.

ತೋರಿಸಿದ ಪ್ಯಾರಾಗಳನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಮೊದಲು ಹನ್ನೆರಡೂ ಪುಟವನ್ನು ಒಂದೇ ರೆಕಾರ್ಡಿಂಗ್ ಮಾಡಿದ್ದೆ. ಬೇಕಾದ ಜಾಗಕ್ಕೆ ಹಿಂದಿರುಗಲು ಆಗದೆ ಅದು ಉಪಯೋಗಕ್ಕೆ ಬರಲಿಲ್ಲ. ಈಗ ಒಂದು ಪ್ಯಾರಾಕ್ಕೆ ಒಂದು ತುಣುಕು, ಆರಂಭದಲ್ಲೇ ಪುಟ ಮತ್ತು ಪ್ಯಾರಾ ಹೇಳುತ್ತೇನೆ. ಅವನ ಮನೆ ಭಾಗಮಂಡಲದ ಕಡೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೇ ಕಾಲೇಜಿನಲ್ಲೇ ಬ್ಲೂಟೂತಿನಲ್ಲಿ ಕಳಿಸಿಬಿಡುತ್ತೇನೆ.

ಆ ಗುರುವಾರ ಅವನು ಕೈಯೆತ್ತಿದ. "ಮೇಡಂ, ಪುಟ ಐದು ನೋಡಿ. 1834ರಲ್ಲೇ ಅಮರ ಸುಳ್ಯ, ಪುತ್ತೂರನ್ನು ಕೊಡಗಿನಿಂದ ತೆಗೆದು ಕೆನರಾಕ್ಕೆ ಸೇರಿಸಿದರು. ಕಂದಾಯವನ್ನು ಬೆಳೆಯ ಬದಲು ದುಡ್ಡಲ್ಲೇ ಕಟ್ಟಬೇಕಾಯಿತು. ದಂಗೆ ಎದ್ದದ್ದು ಆ ಕಡೆಯಿಂದ. ಹಾಗಾದರೆ ಸರ್ವಾನುಮತ ಅಂದಾಗ ಘಟ್ಟದ ಕೆಳಗಿನವರನ್ನು ಯಾರು ಕೇಳಿದ್ದರು?" ಬೇಗ ಓದುವ ಮಕ್ಕಳಲ್ಲಿ ಯಾರೂ ಅದನ್ನು ಹಿಡಿದಿರಲಿಲ್ಲ. ತಿದ್ದುಪಡಿ ಸರಿಯಾಗಿದೆಯೇ ಎಂದು ನಾನು ನೋಡುವುದು ಇದರಿಂದಲೇ: ಪ್ಯಾರಾವನ್ನು ಬೆರಳಿಟ್ಟು ತೋರಿಸಿ ವಾದ ಮಾಡುತ್ತಾರೆಯೇ? ಅಭಿಪ್ರಾಯ ಮಾತ್ರ ಬಂದು ಪುಟದ ಉಲ್ಲೇಖ ಬಾರದಿದ್ದರೆ ಓದು ಅವರನ್ನು ತಲುಪಿಲ್ಲ ಎಂದೇ ಅರ್ಥ.

ಪರೀಕ್ಷೆಯ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ. ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಆದರೆ ಹೆಚ್ಚುವರಿ ಸಮಯ ಸಿಗಬೇಕಾದರೆ ಪ್ರಮಾಣಪತ್ರ ಬೇಕು. ಅದಕ್ಕಾಗಿ ಅವನ ಮನೆಯವರು ಓಡಾಡುತ್ತಿದ್ದಾರೆ. ಅಲ್ಲಿಯವರೆಗೆ ಸೆಮಿಸ್ಟರಿನ ಕೊನೆಯ ತಿಂಗಳು ಅವನಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಉದ್ದ ಪ್ರಶ್ನೆ ಕಂಡರೆ ಪೆನ್ಸಿಲ್ ಹಿಡಿದು ನೇರ ಕೊನೆಯ ಪದಕ್ಕೆ ಹೋಗಿ ಸುತ್ತು ಹಾಕಬೇಕು. ಆಮೇಲೆ ಇಸವಿ, ಹೆಸರುಗಳಿಗೆ ಗೆರೆ ಎಳೆಯಬೇಕು. ಅದಾದ ಮೇಲಷ್ಟೇ ಮೊದಲಿಂದ ಓದಬೇಕು. ಕಳೆದ ಸಲ ನನ್ನ ಆ ಹಳೇ ಪ್ರಶ್ನೆಯನ್ನೇ ಅವನ ಮುಂದಿಟ್ಟೆ. ಮೂರು ನಿಮಿಷದಲ್ಲಿ ಬಿಡಿಸಿ, ಎರಡು ನಿಷೇಧವಿದ್ದ ಪದದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ನನಗೆ ವಾಪಸ್ ಕೊಟ್ಟ.