ಚೊಯೆ, ಇನ್ಸೊಮ್ಮ: ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು

ಇಂಗ್ಲಿಷಿಗೆ ಅನುವಾದಿಸಲು ಇಟಾಲಿಯನ್ ಸಂದರ್ಶನದ ಲಿಪ್ಯಂತರ ಕೈಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ‘ಚೊಯೆ’. ಸಾಲಿಗೊಂದು ಸಲವಾದರೂ ಇರುತ್ತದೆ. ನಿಘಂಟು ಅದಕ್ಕೆ ‘ದಟ್ ಈಸ್’ ಎನ್ನುತ್ತದೆ. ಎಲ್ಲ ಕಡೆ ಅದನ್ನೇ ಹಾಕಿದರೆ ಮಾತಾಡಿದವರು ಇಂಗ್ಲಿಷಿನಲ್ಲಿ ವಕೀಲರ ಹಾಗೆ ಕಾಣುತ್ತಾರೆ.

ಕೆಲಸ ಶುರು ಮಾಡುವ ಮೊದಲೇ ಕೊಟ್ಟವರನ್ನು ಕೇಳಿಕೊಳ್ಳಿ: ಅಕ್ಷರಶಃ ಬೇಕೋ, ಓದುವಂತೆ ಬೇಕೋ? ಕೋರ್ಟಿಗೆ ಅಥವಾ ಭಾಷಾ ಸಂಶೋಧನೆಗೆ ಹೋಗುವುದಾದರೆ ತೊದಲಿದ್ದನ್ನೂ ಬಿಡುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಓದುವಂತೆ ಮಾಡುವ ಬಗೆ.

ಆಮೇಲೆ ಆಡಿಯೊ ಕೇಳುತ್ತಾ, ಪ್ರತಿ ‘ಚೊಯೆ’ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಬದಿಯಲ್ಲಿ ಗುರುತು ಹಾಕಿ. ಕನ್ನಡದವರಿಗೆ ಇದು ಸುಲಭ, ನಮ್ಮ ‘ಅಂದ್ರೆ’ ಮಾಡುವುದೂ ಇದನ್ನೇ ಅಲ್ವಾ? ಒಮ್ಮೆ ವಿವರಿಸುತ್ತದೆ, ಒಮ್ಮೆ ತಿದ್ದುತ್ತದೆ, ಒಮ್ಮೆ ಸುಮ್ನೆ ಉಸಿರು ತಗೊಳ್ಳಲು ಬರುತ್ತದೆ.

ಒಂದು ಮಾದರಿ ಮಾಡಿ ನೋಡೋಣ. ನಿವೃತ್ತ ಕಾರ್ಮಿಕರೊಬ್ಬರು ಹೀಗೆ ಹೇಳಿದರು ಅಂದುಕೊಳ್ಳಿ: ‘ನಾವು, ಚೊಯೆ, ಫ್ಯಾಕ್ಟರಿಗೆ ಹೋಗ್ತಿದ್ದಿದ್ದು ಆರಕ್ಕೆ, ಚೊಯೆ, ಐದೂವರೆಗೆ. ಅಪ್ಪ, ಇನ್ಸೊಮ್ಮ, ಅಷ್ಟೇನೂ ಖುಷಿಯಾಗಿರಲಿಲ್ಲ.’

ಮೊದಲ ಚೊಯೆ ತೆಗೆದು ಗಟ್ಟಿಯಾಗಿ ಓದಿ. ಏನೂ ಕಳೆಯಲಿಲ್ಲ, ಬಿಡಿ. ಎರಡನೆಯದನ್ನು ತೆಗೆದರೆ ಎರಡು ಸಮಯ ಅಕ್ಕಪಕ್ಕ ನಿಂತು ಗೊಂದಲವಾಗುತ್ತದೆ. ಅದು ತಿದ್ದುಪಡಿ, ಹಾಗಾಗಿ ‘ಅಟ್ ಸಿಕ್ಸ್, ನೋ, ಹಾಫ್ ಪಾಸ್ಟ್ ಫೈವ್’. ನೇರವಾಗಿ ಐದೂವರೆ ಎಂದು ಬರೆಯಬಹುದಿತ್ತು. ಆದರೆ ನೆನಪು ತಡವರಿಸಿದ್ದು ಓದುಗರಿಗೆ ಗೊತ್ತಾಗಬೇಕು, ನಾನಂತೂ ಉಳಿಸುತ್ತೇನೆ. ಕೊನೆಯ ಇನ್ಸೊಮ್ಮಗೆ ನಿಘಂಟು ಕೊಡುವ ‘ಇನ್ ಶಾರ್ಟ್’ ಎಂದೇ ಬರೆದರೆ ತಪ್ಪು. ಇಲ್ಲಿ ಅವರು ಏನನ್ನೂ ಒಟ್ಟು ಮಾಡುತ್ತಿಲ್ಲ, ಅಪ್ಪನ ಸಿಟ್ಟನ್ನು ಮೆತ್ತಗೆ ಹೇಳುತ್ತಿದ್ದಾರೆ. ‘ಮೈ ಫಾದರ್ ವಾಸ್, ವೆಲ್, ನಾಟ್ ಟೂ ಹ್ಯಾಪಿ’ ಸರಿಹೋಗುತ್ತದೆ.

ಜಾಸ್ತಿ ಎಡವುವುದು ಒಂಟಿ ಇನ್ಸೊಮ್ಮದಲ್ಲಿ. ‘ಕೆಲಸ ಇಷ್ಟವಿತ್ತಾ?’ ಎಂಬ ಪ್ರಶ್ನೆಗೆ ಬರೀ ‘ಇನ್ಸೊಮ್ಮ...’ ಎಂಬ ಉತ್ತರ. ಇದನ್ನು ತುಂಬುಪದ ಎಂದು ಹೊಡೆದುಹಾಕಿದರೆ ಉತ್ತರವೇ ಮಾಯ! ಅದರ ಅರ್ಥ ‘ಹೂಂ, ಅಷ್ಟಕ್ಕಷ್ಟೇ’. ಇಂಗ್ಲಿಷಿನಲ್ಲಿ ‘ಸೋ-ಸೋ’, ದನಿ ತೀರಾ ಇಳಿದಿದ್ದರೆ ‘ನಾಟ್ ರಿಯಲಿ’. ಅದೇ ಪದವನ್ನು ಜೋರಾಗಿ, ರೇಗಿ ಹೇಳಿದ್ದರೆ ‘ಸಾಕಪ್ಪಾ!’ ಎಂದಾಗುತ್ತದೆ. ಕಾಗದದ ಮೇಲೆ ಮೂರೂ ಒಂದೇ. ಅದಕ್ಕೇ ಆಡಿಯೊ ಇಲ್ಲದೆ ಈ ಸಾಲುಗಳನ್ನು ಮುಟ್ಟಬೇಡಿ. ಆಡಿಯೊ ಸಿಗದಿದ್ದರೆ ಪಕ್ಕದಲ್ಲಿ ಸಂಶಯದ ಗುರುತು ಹಾಕಿ ಕಳಿಸಿ.

ಎಲ್ಲ ಮುಗಿದ ಮೇಲೆ ಮೂಲ ಪಕ್ಕಕ್ಕಿಟ್ಟು ಇಂಗ್ಲಿಷನ್ನು ಮಾತ್ರ ಓದಿ. ಪುಟವಿಡೀ ಒಂದೂ ‘ವೆಲ್’, ‘ಐ ಮೀನ್’ ಇಲ್ಲದೆ ನುಣುಪಾಗಿದ್ದರೆ ಜಾಸ್ತಿ ಉಜ್ಜಿದ್ದೀರಿ. ಅವರು ನಿಜವಾಗಿ ಯೋಚಿಸಲು ನಿಂತ ಜಾಗದಲ್ಲಿ ಒಂದೆರಡನ್ನು ವಾಪಸ್ ಹಾಕಿ.